ಎನ್.ಎ. ಆದ ಮಾತ್ರಕ್ಕೆ ಪ್ಲಾಟ್ ಮಾರುವ ಹಾಗಿಲ್ಲ

ಪ್ಲಾಟ್ ಕಾಗದ ಹಿಡಿದುಕೊಂಡು ನನ್ನ ಆಫೀಸಿಗೆ ಬರುವವರಲ್ಲಿ ಹೆಚ್ಚಿನವರು ಮೊದಲು ಹೇಳುವುದು ಒಂದೇ: "ಎನ್.ಎ. ಆಗೈತ್ರಿ ವಕೀಲರ, ಇನ್ನೇನ್ ನೋಡೂದೈತಿ?" ನೋಡುವುದು ಅಲ್ಲಿಂದಲೇ ಶುರುವಾಗುತ್ತದೆ.

ಎನ್.ಎ., ಅಂದರೆ ಕೃಷಿಯೇತರ ಬಳಕೆಯ ಆದೇಶ ಕೊಡುವವರು ಜಿಲ್ಲಾಧಿಕಾರಿ, ಭೂ ಕಂದಾಯ ಕಾಯ್ದೆಯ 95ನೇ ಕಲಂ ಪ್ರಕಾರ. ಇಂತಿಂಥ ಸರ್ವೆ ನಂಬರಿನ ಹೊಲವನ್ನು ಬೇಸಾಯ ಬಿಟ್ಟು ಬೇರೆ ಕೆಲಸಕ್ಕೆ ಬಳಸಬಹುದು ಅಂತ ಅದು ಹೇಳುತ್ತದೆ, ಅಷ್ಟೇ. ಆ ಹೊಲದಲ್ಲಿ ರಸ್ತೆ ಎಲ್ಲಿ, ಪಾರ್ಕ್ ಎಲ್ಲಿ, ಪ್ಲಾಟ್ ಎಷ್ಟು ಅನ್ನುವುದು ಲೇಔಟ್ ನಕ್ಷೆಯಲ್ಲಿರುತ್ತದೆ. ಹುಬ್ಬಳ್ಳಿ-ಧಾರವಾಡದ ಯೋಜನಾ ಪ್ರದೇಶದಲ್ಲಿ ಆ ನಕ್ಷೆಗೆ ಮಂಜೂರಾತಿ ಕೊಡುವುದು ನಗರಾಭಿವೃದ್ಧಿ ಪ್ರಾಧಿಕಾರ, ಅಂದರೆ ಹುಡಾ. ಗ್ರಾಮ ಪಂಚಾಯಿತಿಯ ಎನ್‌ಒಸಿ ಇದ್ದರೆ ಸಾಕು ಅನ್ನುವ ಏಜೆಂಟರ ಮಾತು ಇಲ್ಲಿ ನಡೆಯುವುದಿಲ್ಲ.

ನಕ್ಷೆ ಮಂಜೂರಾದ ಮೇಲೂ ಎಲ್ಲ ಪ್ಲಾಟ್ ಒಂದೇ ಸಲ ಮಾರಲು ಬರುವುದಿಲ್ಲ. ರಸ್ತೆ, ಗಟಾರ, ನೀರು, ಕರೆಂಟಿನ ಕೆಲಸ ಆದಂತೆ ಪ್ರಾಧಿಕಾರ ಹಂತ ಹಂತವಾಗಿ ಪ್ಲಾಟ್ ಬಿಡುಗಡೆ ಮಾಡುತ್ತದೆ. ಬಿಡುಗಡೆ ಪತ್ರದಲ್ಲಿ ಪ್ಲಾಟ್ ನಂಬರುಗಳೇ ಇರುತ್ತವೆ. ಬಹಳ ಜನ ಕೇಳದೇ ಬಿಡುವ ಕಾಗದ ಇದು.

ಇತ್ತೀಚೆಗೆ ಒಬ್ಬ ಮೇಷ್ಟ್ರು ದಂಪತಿ ಬಂದಿದ್ದರು. ಗದಗ ರಸ್ತೆ ಕಡೆ ಎರಡು ಎಕರೆ ಇಪ್ಪತ್ತು ಗುಂಟೆಯ ಲೇಔಟ್. ಅದರಲ್ಲಿ 30x40ರ 47ನೇ ಪ್ಲಾಟ್, ಬೆಲೆ 18 ಲಕ್ಷ. ಎನ್.ಎ. ಆದೇಶ ಸರಿಯಾಗಿಯೇ ಇತ್ತು. ಸರ್ವೆ ನಂಬರ್, ವಿಸ್ತೀರ್ಣ ಎರಡೂ ಉತಾರದ ಜೊತೆ ತಾಳೆಯಾದವು. ಲೇಔಟ್ ನಕ್ಷೆಯ ಝೆರಾಕ್ಸ್ ಮಾತ್ರ ವಿಚಿತ್ರವಾಗಿತ್ತು. ಮಂಜೂರಾತಿ ನಂಬರ್, ತಾರೀಖು, ಸೀಲು ಇರಬೇಕಾದ ಮೂಲೆಯೇ ಝೆರಾಕ್ಸಿನಲ್ಲಿ ಬಂದಿರಲಿಲ್ಲ. ಪ್ರಾಧಿಕಾರಕ್ಕೆ ಅರ್ಜಿ ಹಾಕಿ ದೃಢೀಕೃತ ನಕಲು ತೆಗೆಸಿ ಅಂತ ಕಳಿಸಿದೆ.

ನಕಲು ಬಂತು. ಅದರಲ್ಲಿ ಪ್ಲಾಟುಗಳು 44ಕ್ಕೇ ಮುಗಿದಿದ್ದವು! ಮಾರುವವರ ಬಣ್ಣದ ಪಾಂಪ್ಲೆಟ್‌ನಲ್ಲಿ 52 ಇದ್ದವು. ಎರಡನ್ನೂ ಟೇಬಲ್ ಮೇಲೆ ಅಕ್ಕಪಕ್ಕ ಇಟ್ಟೆವು. 45ರಿಂದ 52ರವರೆಗಿನ ಎಂಟು ಪ್ಲಾಟ್ ಕೂತಿದ್ದು ಮಂಜೂರಾದ ನಕ್ಷೆಯಲ್ಲಿ 'ಉದ್ಯಾನ' ಅಂತ ಬರೆದ ಜಾಗದಲ್ಲಿ. ಪಾರ್ಕು, ರಸ್ತೆಗಳನ್ನು ಲೇಔಟ್ ಮಾಡುವವರು ಪ್ರಾಧಿಕಾರಕ್ಕೆ ನೋಂದಾಯಿತ ಪತ್ರದ ಮೂಲಕ ಬಿಟ್ಟುಕೊಡಬೇಕು. ಬಿಟ್ಟುಕೊಟ್ಟ ಮೇಲೆ ಆ ಜಾಗ ಅವರದಲ್ಲ. ತಮ್ಮದಲ್ಲದ್ದನ್ನು ಅವರು ಹೇಗೆ ಮಾರುತ್ತಾರೆ?

"ರಜಿಸ್ಟರ್ ಆದ್ರ ಆತಲ್ರಿ?" ಅಂದರು ಮೇಷ್ಟ್ರು. ನೋಂದಣಿ ಅಂದರೆ ವ್ಯವಹಾರ ದಾಖಲಾಯಿತು ಅಂತ. ಮಾರುವವನಿಗೆ ಹಕ್ಕಿಲ್ಲದಿದ್ದರೆ ಸಬ್ ರಿಜಿಸ್ಟ್ರಾರ್ ಸೀಲು ಹಕ್ಕು ಹುಟ್ಟಿಸುವುದಿಲ್ಲ. ಅಲ್ಲದೆ ಈಗ ನೋಂದಣಿಗೆ ಇ-ಖಾತೆ ಬೇಕು. ನಕ್ಷೆಯಲ್ಲೇ ಇಲ್ಲದ ಪ್ಲಾಟಿಗೆ ಸರಿಯಾದ ಖಾತೆ ಎಲ್ಲಿಂದ ಬರಬೇಕು? ಅದಕ್ಕೇ ಮಾರುವವರು "ಸದ್ಯ ಅಗ್ರಿಮೆಂಟ್ ಮಾಡಿ ಮೂರು ಲಕ್ಷ ಕೊಡಿ, ಖಾತೆ ಆಮೇಲೆ" ಅಂದಿದ್ದರು, ಅದೂ ನೂರು ರೂಪಾಯಿ ಬಾಂಡ್ ಮೇಲೆ. ಇಷ್ಟು ದೊಡ್ಡ ಲೇಔಟ್ ರೇರಾ ಎಂಬ ರಿಯಲ್ ಎಸ್ಟೇಟ್ ಕಾಯ್ದೆಯಡಿ ನೋಂದಣಿ ಆಗಿರಲೇಬೇಕು. 500 ಚದರ ಮೀಟರ್, ಅಂದರೆ ಸುಮಾರು ಐದು ಗುಂಟೆ ಮೀರಿದ ಜಾಗದ ಲೇಔಟಿಗೆ ಆ ಕಾಯ್ದೆ ಅನ್ವಯಿಸುತ್ತದೆ. ಅದರ ಪ್ರಕಾರ ನೋಂದಾಯಿತ ಕರಾರು ಇಲ್ಲದೆ ಬೆಲೆಯ ಶೇ. 10ಕ್ಕಿಂತ ಹೆಚ್ಚು ಮುಂಗಡ ತಗೊಳ್ಳುವಂತಿಲ್ಲ. 18 ಲಕ್ಷಕ್ಕೆ ಅದು 1.8 ಲಕ್ಷ.

ಇಲ್ಲಿ ಕನಿಷ್ಠ ಒಂದು ಮಂಜೂರಾದ ನಕ್ಷೆಯಾದರೂ ಇತ್ತು. ನಮ್ಮ ಕಡೆ ಊರ ಹೊರಗೆ ಮಾರುವ ಗುಂಟೆ ಪ್ಲಾಟುಗಳಿಗೆ ಅದೂ ಇರುವುದಿಲ್ಲ. ಭೂ ಸುಧಾರಣಾ ಕಾಯ್ದೆಗೆ 2020ರ ತಿದ್ದುಪಡಿ ಬಂದ ಮೇಲೆ ರೈತರಲ್ಲದವರೂ ಹೊಲ ಕೊಳ್ಳಬಹುದು, ನಿಜ. ಆದರೆ ಕೊಂಡದ್ದು ಹೊಲವೇ. ನಾಲ್ಕೈದು ಜನರ ಹೆಸರು ಒಂದೇ ಉತಾರದಲ್ಲಿ ಜಂಟಿಯಾಗಿ ಸೇರುತ್ತದೆ, ನಿಮ್ಮ ಎರಡು ಗುಂಟೆ ಯಾವ ಮೂಲೆಯದು ಅಂತ ಯಾವ ದಾಖಲೆಯೂ ತೋರಿಸುವುದಿಲ್ಲ. ಮನೆ ಕಟ್ಟುವ ಪರವಾನಗಿ ಸಿಗುವುದಿಲ್ಲ, ಬ್ಯಾಂಕ್ ಗೃಹಸಾಲ ಕೊಡುವುದಿಲ್ಲ. "ಮುಂದ ಸಕ್ರಮ ಆಗ್ತೈತಿ" ಅನ್ನುವವರಿಗೆ ನಾನು ಹೇಳುವುದು: ದಂಡ ಕಟ್ಟಿಸಿಕೊಂಡು ಅಕ್ರಮವನ್ನು ಸಕ್ರಮ ಮಾಡುವ ಸರ್ಕಾರದ ಅಕ್ರಮ-ಸಕ್ರಮ ಯೋಜನೆಗೆ ಸುಪ್ರೀಂ ಕೋರ್ಟ್ ತಡೆ ಕೊಟ್ಟಿದ್ದು 2017ರ ಜನವರಿಯಲ್ಲಿ. ಅಂಥ ಭರವಸೆ ಮೇಲೆ ದುಡ್ಡು ಹಾಕಬೇಡಿ.

ಇಸಿ, ಅಂದರೆ ಋಣಭಾರ ಪ್ರಮಾಣಪತ್ರ ತೆಗೆಸುವಾಗಲೂ ಒಂದು ಎಚ್ಚರ ಬೇಕು. ಬರೀ ಪ್ಲಾಟ್ ನಂಬರಿನ ಮೇಲೆ ಹುಡುಕಿದರೆ ಏನೂ ಕಾಣದಿರಬಹುದು. ಲೇಔಟ್ ಆಗುವ ಮುಂಚಿನ ಸಾಲ, ಅಗ್ರಿಮೆಂಟುಗಳೆಲ್ಲ ಸರ್ವೆ ನಂಬರಿನ ಮೇಲೆ ಕೂತಿರುತ್ತವೆ. ಎರಡರ ಮೇಲೂ ತೆಗೆಸಿ.

ಮೇಷ್ಟ್ರು ನಕಲು ತೋರಿಸಿದಾಗ ಮಾರುವವರು ವಾದ ಮಾಡಲಿಲ್ಲವಂತೆ. ಸುಮ್ನೆ 31ನೇ ಪ್ಲಾಟ್ ಕೊಡುತ್ತೇನೆ ಅಂದರು. ಅದು ನಕ್ಷೆಯಲ್ಲಿ ಇದೆ. ಆದರೆ ಆವರೆಗೆ ಬಿಡುಗಡೆ ಆಗಿದ್ದು 26ರ ತನಕ. ಮುಂದಿನ ಬಿಡುಗಡೆ ಪತ್ರ ಬರಲಿ, ಆಮೇಲೆ ಮಾತಾಡೋಣ ಅಂತ ಹೇಳಿ ಬಂದಿದ್ದಾರೆ. ಮುಂಗಡ ಕೊಟ್ಟಿಲ್ಲ.