ಇಕಾಮಾ ಮುಗಿದಿದೆ, ಕಫೀಲ ಬಿಡುತ್ತಿಲ್ಲ: ಈಗ ಬೇರೆ ಕಂಪನಿಗೆ ಹೋಗಬಹುದೇ?

ಪ್ರಶ್ನೆ: ನನ್ನ ತಮ್ಮ ಸೌದಿಯ ಜುಬೈಲಿನಲ್ಲಿ ಎಲೆಕ್ಟ್ರಿಷಿಯನ್. ಅಲ್ಲಿ ವಾಸಿಸುವ ಪರವಾನಗಿಯಾದ ಇಕಾಮಾ ಮುಗಿದು ಎರಡು ತಿಂಗಳಾಯಿತು, ಕಫೀಲ, ಅಂದರೆ ಪ್ರಾಯೋಜಕ ಮಾಲೀಕ, ನವೀಕರಿಸುತ್ತಿಲ್ಲ. ದಮ್ಮಾಮಿನ ಒಂದು ಕಂಪನಿ ಕೆಲಸ ಕೊಡಲು ತಯಾರಿದೆ. ತನಾಜುಲ್ ಬೇಕಾದರೆ ದುಡ್ಡು ಕೊಡು, ಇಲ್ಲವಾದರೆ ಓಡಿಹೋದ ಎಂದು ಹುರೂಬ್ ಹಾಕುತ್ತೇನೆ ಎಂದು ಕಫೀಲ ಹೆದರಿಸುತ್ತಿದ್ದಾನೆ. ಏನು ಮಾಡುವುದು?

ಉತ್ತರ: ನಿಮ್ಮ ತಮ್ಮ ಕಂಪನಿ ವೀಸಾದಲ್ಲಿ ಹೋದವರಾಗಿದ್ದರೆ ಅವರಿಗೆ ತನಾಜುಲ್, ಅಂದರೆ ಹಳೆಯ ಮಾಲೀಕನ ಬಿಡುಗಡೆ ಪತ್ರ, ಬೇಕಾಗಿಯೇ ಇಲ್ಲ. 2021ರ ಮಾರ್ಚ್ 14ರಿಂದ ಜಾರಿಗೆ ಬಂದ ನಿಯಮಗಳ ಪ್ರಕಾರ, ಮಾಲೀಕ ಇಕಾಮಾ ಅಥವಾ ಕೆಲಸದ ಪರವಾನಗಿ ಮುಗಿಯಲು ಬಿಟ್ಟರೆ ಕೆಲಸಗಾರ ಅವನ ಒಪ್ಪಿಗೆ ಇಲ್ಲದೆಯೇ ಬೇರೆ ಕಡೆ ವರ್ಗವಾಗಬಹುದು. ಸತತ ಮೂರು ತಿಂಗಳು ಸಂಬಳ ಕೊಡದಿದ್ದರೂ ಹಾಗೆಯೇ. ಇಕಾಮಾ ಮಾಡಿಸುವ, ನವೀಕರಿಸುವ, ತಡವಾದರೆ ದಂಡ ಕಟ್ಟುವ ಹೊಣೆ ಮಾಲೀಕನದ್ದೇ. ಸೌದಿ ಕಾರ್ಮಿಕ ಕಾಯ್ದೆಯ 40ನೇ ವಿಧಿ ಅದನ್ನು ನೇರವಾಗಿ ಹೇಳುತ್ತದೆ. ಹಾಗಾಗಿ ಅವನ ತಪ್ಪಿಗೆ ನಿಮ್ಮ ತಮ್ಮ ದುಡ್ಡು ಕೊಡುವ ಪ್ರಶ್ನೆಯೇ ಬರುವುದಿಲ್ಲ.

ಆದರೆ ಮೊದಲು ಇಕಾಮಾದಲ್ಲಿ ಬರೆದಿರುವ ವೃತ್ತಿಯನ್ನು ನೋಡಿ. ನಮ್ಮ ಕರಾವಳಿಯವರು ಅನೇಕರು ‘ಫ್ರೀ ವೀಸಾ’ ಎಂದು ದುಡ್ಡು ಕೊಟ್ಟು ಹೋಗಿರುತ್ತಾರೆ. ಹಾಗೊಂದು ವೀಸಾ ಕಾನೂನಿನಲ್ಲಿ ಇಲ್ಲ. ಕೈಯಲ್ಲಿರುವ ಕೆಲಸ ಎಲೆಕ್ಟ್ರಿಷಿಯನ್ನನದ್ದು, ಕಾಗದದಲ್ಲಿ ಮಾತ್ರ ಯಾವುದೋ ಮನೆಯ ‘ಸಾಯಿಕ್ ಖಾಸ್’, ಅಂದರೆ ಮನೆ ಡ್ರೈವರ್! ಮನೆಗೆಲಸದವರು, ಮನೆ ಡ್ರೈವರ್, ತೋಟದ ಮಾಲಿ, ಕುರಿ ಕಾಯುವವರು ಈ 2021ರ ಸುಧಾರಣೆಯ ಹೊರಗಿದ್ದಾರೆ. ಅವರಿಗೆ ಬೇರೆ ನಿಯಮ, ಬೇರೆ ವ್ಯವಸ್ಥೆ. ಕೆಲಸಗಾರನನ್ನು ಒಬ್ಬ ಮಾಲೀಕನಿಗೆ ಕಟ್ಟಿಹಾಕುವ ಕಫಾಲಾ ಪದ್ಧತಿ ರದ್ದಾಯಿತು ಎಂದು ವಾಟ್ಸಾಪಿನಲ್ಲಿ ಆಗಾಗ ಬರುವ ಸುದ್ದಿಯನ್ನು ಇವರಂತೂ ನಂಬಿ ಕೂರಬಾರದು. ಕಂಪನಿಯವರಿಗೂ ಇಕಾಮಾ ಇಂದಿಗೂ ಒಬ್ಬ ಮಾಲೀಕನ ಹೆಸರಿಗೇ ಅಂಟಿಕೊಂಡಿರುತ್ತದೆ. ಸಡಿಲವಾಗಿರುವುದು ಅವನಿಂದ ಇನ್ನೊಬ್ಬನಿಗೆ ಹೋಗುವ ದಾರಿ ಮಾತ್ರ.

ವೃತ್ತಿ ಸರಿಯಾಗಿದ್ದರೆ ಮುಂದಿನ ಕೆಲಸ ಮೊಬೈಲಿನಲ್ಲೇ ನಡೆಯುತ್ತದೆ. ದಮ್ಮಾಮಿನ ಕಂಪನಿ ಸೌದಿ ಕಾರ್ಮಿಕ ಇಲಾಖೆಯ ‘ಕಿವಾ’ ಪೋರ್ಟಲಿನಲ್ಲಿ ವರ್ಗಾವಣೆಯ ಕೋರಿಕೆ ಹಾಕುತ್ತದೆ. ಇದನ್ನೇ ಅಲ್ಲಿನವರು ನಕಲ್ ಕಫಾಲಾ ಎನ್ನುವುದು. ಕೋರಿಕೆ ನಿಮ್ಮ ತಮ್ಮನ ಕಿವಾ ಖಾತೆಗೆ ಬರುತ್ತದೆ. ಅವರು ಸಂಬಳ, ವೃತ್ತಿ, ಅವಧಿ ಎಲ್ಲ ಓದಿ ಒಪ್ಪಬೇಕು. ಮೊದಲ ವರ್ಗಾವಣೆಯ ಶುಲ್ಕ 2,000 ರಿಯಾಲ್. ಅದನ್ನು ಕಟ್ಟಬೇಕಾದವರು ಹೊಸ ಕಂಪನಿಯವರು. ಸಂಬಳದಲ್ಲಿ ಹಿಡಿಯುತ್ತೇವೆ ಎಂದರೆ ಒಪ್ಪಬೇಡಿ.

ಇಲ್ಲಿ ಹೆಚ್ಚಿನವರು ಎಡವುವುದು ಒಂದು ಸಣ್ಣ ವಿಷಯದಲ್ಲಿ. ಕಿವಾ ಖಾತೆಗೆ ಸರ್ಕಾರಿ ಸೇವೆಗಳ ಆ್ಯಪ್ ‘ಅಬ್ಶರ್’ ಬೇಕು, ಅಬ್ಶರಿನ ಒಟಿಪಿ ಬರುವುದು ಅದರಲ್ಲಿ ನೋಂದಾಯಿಸಿದ ಮೊಬೈಲಿಗೆ. ಊರಿಂದ ಬಂದ ಹೊಸದರಲ್ಲಿ ಕಂಪನಿಯ ಮಂದೂಬ್, ಅಂದರೆ ಸರ್ಕಾರಿ ಕಾಗದಪತ್ರಕ್ಕೆ ಓಡಾಡುವವನು, ತನ್ನದೇ ನಂಬರ್ ಹಾಕಿ ಖಾತೆ ತೆರೆದಿರುತ್ತಾನೆ. ಆಗ ಒಟಿಪಿ ಎಲ್ಲ ಅವನ ಕೈಗೆ ಹೋಗುತ್ತದೆ, ಒಪ್ಪಿಗೆಯನ್ನೂ ಅವನೇ ಒತ್ತಬಹುದು. ಇಂದೇ ಪರೀಕ್ಷಿಸಲು ಹೇಳಿ. ಇಕಾಮಾ ಮುಗಿದರೆ ಬ್ಯಾಂಕ್ ಖಾತೆಯನ್ನೂ ತಡೆಹಿಡಿಯುತ್ತಾರೆ, ಆದ್ದರಿಂದ ತಡ ಮಾಡಿದಷ್ಟೂ ಕಷ್ಟ.

ಇನ್ನು ಹುರೂಬ್. ಕೆಲಸಗಾರ ಹೇಳದೆ ಕೇಳದೆ ಓಡಿಹೋದ ಎಂದು ಮಾಲೀಕ ಕೊಡುವ ದೂರು ಅದು. 2022ರ ಅಕ್ಟೋಬರಿನಿಂದ, ಹೀಗೆ ದೂರು ಬಿದ್ದವರಿಗೆ 60 ದಿನಗಳ ಕಾಲಾವಕಾಶ ಇದೆ: ಅಷ್ಟರೊಳಗೆ ಹೊಸ ಮಾಲೀಕನಿಗೆ ವರ್ಗವಾಗಬೇಕು, ಇಲ್ಲವೇ ಖುರೂಜ್ ನಿಹಾಯಿ, ಅಂದರೆ ಶಾಶ್ವತ ನಿರ್ಗಮನ ಪಡೆದು ಊರಿಗೆ ಹೊರಡಬೇಕು. ಅದು ದಾಟಿದರೆ ದಾರಿಗಳು ಒಂದೊಂದಾಗಿ ಮುಚ್ಚುತ್ತವೆ. ಹಾಗಾಗಿ ಕಿವಾದಲ್ಲಿ ವರ್ಗಾವಣೆ ಪೂರ್ತಿಯಾಗುವವರೆಗೆ ನಿಮ್ಮ ತಮ್ಮ ಜುಬೈಲಿನ ಕೆಲಸ ಬಿಟ್ಟು ದಮ್ಮಾಮಿಗೆ ಹೋಗಬಾರದು, ಒಂದು ದಿನದ ಮಟ್ಟಿಗೂ ಸಹ. ಹೋದರೆ ಕಫೀಲನ ಸುಳ್ಳು ನಿಜವಾಗುತ್ತದೆ. ಹಾಜರಿ ಪಟ್ಟಿಯ ಫೋಟೊ, ಸೂಪರ್‌ವೈಸರ್ ಕಳಿಸಿದ ಮೆಸೇಜು, ದುಡ್ಡು ಕೇಳಿದ ವಾಯ್ಸ್ ನೋಟು ಎಲ್ಲ ಉಳಿಸಿಟ್ಟುಕೊಳ್ಳಲಿ.

ಕಫೀಲ ಹುರೂಬ್ ಹಾಕುವ ಮೊದಲೇ ಕಾರ್ಮಿಕ ಇಲಾಖೆಯಲ್ಲಿ ದೂರು ದಾಖಲಿಸುವುದು ಒಳ್ಳೆಯದು. ನಮ್ಮವರ ಮಾತಿನಲ್ಲಿ ‘ಮಕ್ತಬ್ ಅಮಲ್’. ಸಹಾಯವಾಣಿ 19911. ಮೊದಲು 21 ಕೆಲಸದ ದಿನಗಳವರೆಗೆ ರಾಜಿ ಮಾತುಕತೆ, ಬಗೆಹರಿಯದಿದ್ದರೆ ಕಾರ್ಮಿಕ ನ್ಯಾಯಾಲಯ. ಬಾಕಿ ಸಂಬಳವಿದ್ದರೆ ಅದನ್ನೂ ಇದೇ ದೂರಿನಲ್ಲಿ ಸೇರಿಸಬೇಕು.

ತಮ್ಮನಿಗೆ ಹೊಸ ಕೆಲಸ ಬೇಡ, ಊರಿಗೆ ಬಂದರೆ ಸಾಕು ಎನ್ನಿಸಿದ್ದರೆ ರಿಯಾದಿನ ಭಾರತೀಯ ರಾಯಭಾರ ಕಚೇರಿಯಲ್ಲಿ ಹೆಸರು ನೋಂದಾಯಿಸಲಿ. ಇಕಾಮಾ ಮುಗಿದವರ ನಿರ್ಗಮನ ಅರ್ಜಿಗಳನ್ನು ಅವರು ಅಲ್ಲಿನ ಇಲಾಖೆಗೆ ಕಳಿಸುತ್ತಾರೆ. ಸಮಯ ಹಿಡಿಯುತ್ತದೆ. ಆ ನಡುವೆ ಯಾವ ಏಜೆಂಟನಿಗೂ ದುಡ್ಡು ಕೊಡಬೇಡಿ.