“ಎಲ್ಲಾ ನೋಡಿಬಿಡ್ರಿ” ಅಂದರೆ ಏನು ನೋಡಲಿ?

ರೆಡಿ ಫ್ಲ್ಯಾಟ್ ಕೊಳ್ಳುವ ಮುಂಚೆ ತಪಾಸಣೆಗೆ ನನ್ನನ್ನು ಕರೆಯುವವರು ಸಾಮಾನ್ಯವಾಗಿ ಒಂದೇ ಮಾತು ಹೇಳುತ್ತಾರೆ: “ಎಲ್ಲಾ ನೋಡಿಬಿಡ್ರಿ ಸರ್, ಏನೂ ಬಿಡಬ್ಯಾಡ್ರಿ.” ಈ ಮಾತು ಕೇಳಿದರೆ ನನಗೆ ಸ್ವಲ್ಪ ಸಿಟ್ಟೇ ಬರುತ್ತದೆ. ಯಾಕೆಂದರೆ ಒಮ್ಮೆ ನಾನೂ ಅದನ್ನೇ ನಂಬಿ ಕೆಲಸ ಒಪ್ಪಿಕೊಂಡೆ.

ಹುಬ್ಬಳ್ಳಿಯ ಗೋಕುಲ ರಸ್ತೆ ಕಡೆ, ಎರಡನೇ ಮಹಡಿಯ ಫ್ಲ್ಯಾಟ್. ಏಪ್ರಿಲ್ ತಿಂಗಳು, ಹೊಸ ಬಣ್ಣ, ಗೋಡೆಗಳು ಒಣಒಣ. ಕೊಳ್ಳುತ್ತಿದ್ದವರು ನಿವೃತ್ತ ಮೇಷ್ಟ್ರು. ಮನೆ ಖಾಲಿ ಇತ್ತು, ನೀರಿನ ವಾಲ್ವ್ ಮುಚ್ಚಿತ್ತು. ಬಾತ್‌ರೂಮ್ ಟೈಲ್ಸ್ ತಟ್ಟಿ ನೋಡಿದೆ, ಚೆನ್ನಾಗಿದೆ ಅಂತ ಬರೆದೆ. ಮೇಷ್ಟ್ರು ಬಂದು ಇದ್ದು ಎರಡು ತಿಂಗಳಿಗೆ ಕೆಳಗಿನ ಮನೆಯವರ ಛಾವಣಿಯಲ್ಲಿ ಕಂದು ಕಲೆ. ನೀರು ಹಾಕಿ ಪರೀಕ್ಷೆ ಮಾಡಿಲ್ಲ ಅನ್ನುವ ಒಂದು ಸಾಲೂ ನನ್ನ ವರದಿಯಲ್ಲಿ ಇರಲಿಲ್ಲ. ತಪ್ಪು ನನ್ನದೇ.

ಅದಕ್ಕೇ ಈಗ ಕೆಲಸದ ಪಟ್ಟಿಯಲ್ಲಿ ಹೀಗೆ ಬರೆಸಿಕೊಳ್ಳುತ್ತೇನೆ: “ಎರಡೂ ಬಾತ್‌ರೂಮಿನಲ್ಲಿ ನೀರು ನಿಲ್ಲಿಸಿ ಪರೀಕ್ಷೆ, ಕೆಳಗಿನ ಮನೆಯ ಛಾವಣಿಯ ಫೋಟೋ, ಮೊದಲು ಮತ್ತು ನಂತರ, ಕೆಳಗಿನ ಮನೆಯವರ ಅನುಮತಿ ಮತ್ತು ನೀರು ಮಾಲೀಕರ ಜವಾಬ್ದಾರಿ.” ಕೊನೆಯ ಭಾಗವನ್ನು ಜನ ಬಿಟ್ಟೇ ಬಿಡುತ್ತಾರೆ. ಮೇಲೆ ನೀರು ನಿಲ್ಲಿಸಿ ಕೆಳಗಿನ ಮನೆ ನೋಡದಿದ್ದರೆ ಏನು ಗೊತ್ತಾಗುತ್ತದೆ ಹೇಳಿ?

ನೀರು ಎಷ್ಟು ಬೇಕು? ಐದು ಅಡಿ, ಏಳು ಅಡಿಯ ಬಾತ್‌ರೂಮಿಗೆ ಒಂದು ಇಂಚು ನಿಲ್ಲಿಸಲು ಸುಮಾರು 80 ಲೀಟರ್, ಅಂದರೆ ಐದಾರು ಕೊಡ. ನೆಲಕ್ಕೆ ಇಳಿಜಾರು ಇರುವುದರಿಂದ ಹೆಚ್ಚುಕಡಿಮೆ ಆಗುತ್ತದೆ. ನಮ್ಮೂರಲ್ಲಿ ನಳದ ನೀರು ಎಲ್ಲ ಕಡೆ ದಿನಾ ಬರುವುದಿಲ್ಲವಲ್ಲ, ಸಂಪಿನಲ್ಲಿ ನೀರು ಇದೆಯೇ ಅಂತ ಮೊದಲೇ ಕೇಳಿ. ನೀರು ಹೋಗುವ ಜಾಲರಿಯನ್ನು ಗಟ್ಟಿಯಾಗಿ ಮುಚ್ಚಿ, ಬಾಗಿಲ ಬಳಿ ಸಣ್ಣ ಕಟ್ಟೆ ಕಟ್ಟಿ, ಗೋಡೆ ಮೇಲೆ ಪೆನ್ಸಿಲ್‌ನಿಂದ ಮಟ್ಟ ಗುರುತಿಸಿ 24 ಗಂಟೆ ಬಿಡಬೇಕು. ಮಟ್ಟ ಸ್ವಲ್ಪ ಇಳಿದರೆ ಗಾಬರಿ ಬೇಡ, ಮುಚ್ಚಿದ ಜಾಗದಿಂದಲೂ ಸೋರುತ್ತದೆ, ಆವಿಯೂ ಆಗುತ್ತದೆ. ತೀರ್ಮಾನ ಹೇಳುವುದು ಕೆಳಗಿನ ಛಾವಣಿಯೇ.

ಕೆಲವು ಬಾತ್‌ರೂಮಿನ ಸ್ಲ್ಯಾಬ್ ತಗ್ಗಿಸಿ ಹಾಕಿ, ಇಟ್ಟಿಗೆ ಚೂರು ತುಂಬಿರುತ್ತಾರೆ. ಆ ಚೂರು ಮೊದಲು ನೀರು ಕುಡಿಯುತ್ತದೆ, ಆಮೇಲೆ ನಿಧಾನಕ್ಕೆ ಕೆಳಗೆ ಬಿಡುತ್ತದೆ. ಅಂಥಲ್ಲಿ 48 ಗಂಟೆ ಕೇಳುತ್ತೇನೆ. ಆಗಲೂ ಪೂರ್ತಿ ಖಾತ್ರಿ ಕೊಡಲಾರೆ. ಗೋಡೆಯೊಳಗಿನ ಪೈಪು ಸೋರುವುದು ಈ ಪರೀಕ್ಷೆಯಲ್ಲಿ ಸಿಗುವುದಿಲ್ಲ, ಅದಕ್ಕೆ ಪ್ರೆಷರ್ ಪರೀಕ್ಷೆ ಬೇರೆಯೇ ಬರೆಸಬೇಕು.

ಕೆಳಗಿನ ಮನೆಯವರು ಬಾಗಿಲು ತೆರೆಯದಿದ್ದರೆ? ಆಗುತ್ತದೆ. ಈಗ ಆ ಮನೆಗೇ ಮೊದಲು ಹೋಗಿ ಮಾತಾಡಿ ಬರುತ್ತೇನೆ, ಒಮ್ಮೊಮ್ಮೆ ಚಹಾನೂ ಸಿಗುತ್ತದೆ. ಆದರೂ ಒಪ್ಪದಿದ್ದರೆ ವರದಿಯಲ್ಲಿ “ಪರೀಕ್ಷೆ ಆಗಿಲ್ಲ, ಕಾರಣ ಇದು” ಅಂತ ಬರೆಯುತ್ತೇನೆ. ನಿಮ್ಮ ತಜ್ಞರ ವರದಿಯಲ್ಲಿ “ನೋಡದಿದ್ದದ್ದು” ಅನ್ನುವ ಪುಟ ಇದೆಯೇ ಅಂತ ಹಣ ಕೊಡುವ ಮುಂಚೆ ಕೇಳಿ.