ಪುಲ್ ಕೋಟ್: ಗ್ರಾಹಕರ ಮಾತನ್ನು ಬ್ಯಾನರ್‌ಗೆ ಇಳಿಸುವಾಗ

ಪತ್ರಿಕೆಯಲ್ಲಿ ಉದ್ದನೆಯ ಲೇಖನದ ನಡುವೆ ಒಂದು ಸಾಲನ್ನು ಎತ್ತಿ ದೊಡ್ಡ ಅಕ್ಷರದಲ್ಲಿ ಹಾಕಿರುತ್ತಾರಲ್ಲ, ಅದೇ ಪುಲ್ ಕೋಟ್. ಈಗ ವೆಬ್‌ಸೈಟ್ ಮಾಡುವವರೂ ಈ ಪದ ಬಳಸುತ್ತಾರೆ. ಗ್ರಾಹಕರು ಬರೆದ ಉದ್ದನೆಯ ಅನಿಸಿಕೆಯಿಂದ ಬ್ಯಾನರ್‌ಗೆ ಹಿಡಿಸುವಷ್ಟನ್ನು ಆರಿಸಿಕೊಳ್ಳುವುದಕ್ಕೆ ಇದೇ ಹೆಸರು.

ಮಲೆನಾಡಿನ ಒಂದು ಹೋಂಸ್ಟೇಗೆ ಮೂರು ಸ್ಟಾರ್ ಜೊತೆ ಈ ಮಾತು ಬಂದಿದೆ ಅಂದುಕೊಳ್ಳಿ:

"ಊಟ ಮಾತ್ರ ಅದ್ಭುತ. ಅಕ್ಕಿರೊಟ್ಟಿ ಬಿಸಿಬಿಸಿ ಬಡಿಸಿದರು. ರೂಮು ಪರವಾಗಿಲ್ಲ. ಕೊನೆಯ ಎರಡು ಕಿಲೋಮೀಟರ್ ದಾರಿ ಪೂರ್ತಿ ಹಾಳಾಗಿದೆ. ಮಳೆಗಾಲ ಬಿಟ್ಟು ಬೇರೆ ಯಾವಾಗ ಬೇಕಾದರೂ ಹೋಗಿ."

ಬ್ಯಾನರ್‌ನಲ್ಲಿ ಹತ್ತು ಪದಕ್ಕೆ ಜಾಗ ಇದೆ. ಅವಸರದಲ್ಲಿ ಕತ್ತರಿಸಿದರೆ ಹೀಗಾಗುತ್ತದೆ: "ಊಟ ಅದ್ಭುತ... ಯಾವಾಗ ಬೇಕಾದರೂ ಹೋಗಿ!"

ಒಂದು ಪದವೂ ಹೊಸದಲ್ಲ. ಆದರೂ ಇದು ಅವರ ಮಾತಲ್ಲ. ಜುಲೈನಲ್ಲಿ ಇದನ್ನು ನಂಬಿ ಹೊರಟವರು ಅದೇ ದಾರಿಯಲ್ಲಿ ಸಿಕ್ಕಿಹಾಕಿಕೊಳ್ಳುತ್ತಾರೆ. ಕನ್ನಡದಲ್ಲಿ ಷರತ್ತು ಸಾಮಾನ್ಯವಾಗಿ ಕ್ರಿಯಾಪದಕ್ಕಿಂತ ಮುಂಚೆ ಬರುತ್ತದೆ. ಹಾಗಾಗಿ ವಾಕ್ಯದ ತಲೆ ಕತ್ತರಿಸಿದರೆ ಷರತ್ತೇ ಹೋಗುತ್ತದೆ. ಕೊನೆಯ ಆಶ್ಚರ್ಯಸೂಚಕವೂ ಅವರದ್ದಲ್ಲ, ನಾವು ಸೇರಿಸಿದ ಉತ್ಸಾಹ.

ಅದಕ್ಕಿಂತ ಸೂಕ್ಷ್ಮವಾದದ್ದು 'ಮಾತ್ರ'. "ಊಟ ಅದ್ಭುತ" ಅಂದರೆ ಬರೀ ಹೊಗಳಿಕೆ. "ಊಟ ಮಾತ್ರ ಅದ್ಭುತ" ಅಂದಾಗ ಉಳಿದದ್ದು ಅಷ್ಟಕ್ಕಷ್ಟೇ ಅಂತ ಓದುವವರಿಗೆ ತಾನಾಗಿ ಗೊತ್ತಾಗುತ್ತದೆ. ಇಂಥ ಚಿಕ್ಕ ಪದವನ್ನು ಜಾಗ ಉಳಿಸೋಕೆ ಅಂತ ತೆಗೆಯಬಾರದು. 'ಪರವಾಗಿಲ್ಲ' ಅನ್ನೋದನ್ನು 'ಚೆನ್ನಾಗಿದೆ' ಅಂತ ತಿದ್ದುವುದೂ ಅಷ್ಟೇ ತಪ್ಪು.

ನಾನಾದರೆ ಹೀಗೆ ಹಾಕುತ್ತೇನೆ: "ಊಟ ಮಾತ್ರ ಅದ್ಭುತ... ಮಳೆಗಾಲ ಬಿಟ್ಟು ಬೇರೆ ಯಾವಾಗ ಬೇಕಾದರೂ ಹೋಗಿ."

ಒಂಬತ್ತೇ ಪದ. ಅಕ್ಕಿರೊಟ್ಟಿ ಹೋಯಿತು, ರೂಮು ಹೋಯಿತು, ದಾರಿಯ ವಿವರವೂ ಹೋಯಿತು. ಆದರೆ ರೂಮಿನ ಬಗ್ಗೆ ಇದ್ದ ಸಣ್ಣ ಬೇಸರ 'ಮಾತ್ರ'ದಲ್ಲಿ ಉಳಿದಿದೆ, ದಾರಿಯ ಎಚ್ಚರಿಕೆ 'ಮಳೆಗಾಲ ಬಿಟ್ಟು' ಅನ್ನುವುದರಲ್ಲಿದೆ. ನಡುವೆ ಮಾತು ಬಿಟ್ಟಿದ್ದೇವೆ ಅಂತ ಮೂರು ಚುಕ್ಕಿ ಹೇಳುತ್ತದೆ.

ಸರಿಯಾಗಿದೆಯಾ ಅಂತ ನೋಡೋಕೆ ಒಂದು ದಾರಿ ಇದೆ. ಪೂರ್ತಿ ಅನಿಸಿಕೆ ಓದಿರದ ಯಾರಿಗಾದರೂ ಬ್ಯಾನರ್ ಸಾಲು ತೋರಿಸಿ, ಇವರು ಎಷ್ಟು ಸ್ಟಾರ್ ಕೊಟ್ಟಿರಬಹುದು ಅಂತ ಕೇಳಿ. ಮೊದಲನೆಯದಕ್ಕೆ ಐದು ಅನ್ನುತ್ತಾರೆ. ಎರಡನೆಯದಕ್ಕೆ ಮೂರೋ ನಾಲ್ಕೋ ಅನ್ನಬಹುದು. ಬರೆದವರಿಗೇ ಕಳಿಸಿ ಒಪ್ಪಿಗೆ ಪಡೆದರೆ ಇನ್ನೂ ಒಳ್ಳೆಯದು.

ಅಮೆರಿಕದಲ್ಲಿ ಗ್ರಾಹಕರ ಹಿತ ಕಾಯುವ ಸರ್ಕಾರಿ ಸಂಸ್ಥೆ ಫೆಡರಲ್ ಟ್ರೇಡ್ ಕಮಿಷನ್‌ನ ಮಾರ್ಗಸೂಚಿಯೂ ಇದನ್ನೇ ಹೇಳುತ್ತದೆ. ಅಭಿಪ್ರಾಯವನ್ನು ಅವರದೇ ಪದಗಳಲ್ಲಿ ಕೊಡಲೇಬೇಕು ಅಂತಿಲ್ಲ, ಆದರೆ ಸಂದರ್ಭದಿಂದ ಕಿತ್ತು ಅಥವಾ ಮಾತು ಬದಲಿಸಿ ಅದನ್ನು ತಿರುಚಬಾರದು. ಇದು ಅವರದೇ ಮಾತು ಅಂತ ಜಾಹೀರಾತು ತೋರಿಸಿಕೊಂಡರೆ ಪದಗಳೂ ಅವರದ್ದೇ ಆಗಿರಬೇಕು. ದಾರಿತಪ್ಪಿಸುವ ಜಾಹೀರಾತು ತಡೆಯುವ ಭಾರತದ 2022ರ ಮಾರ್ಗಸೂಚಿಯೂ ಜಾಹೀರಾತಿನ ಶಿಫಾರಸು ಆ ವ್ಯಕ್ತಿಯ ನಿಜವಾದ ಅಭಿಪ್ರಾಯವೇ ಆಗಿರಬೇಕು ಅನ್ನುತ್ತದೆ.

ಕೆಲವು ಅನಿಸಿಕೆಗಳನ್ನು ಹತ್ತು ಪದಕ್ಕೆ ಇಳಿಸೋಕೆ ಆಗುವುದೇ ಇಲ್ಲ. ಹೊಗಳಿಕೆಯೂ ದೂರೂ ಒಂದಕ್ಕೊಂದು ಹೆಣೆದುಕೊಂಡಿರುತ್ತವೆ. ಅಂಥದ್ದನ್ನು ಒಳಗಿನ ಪುಟದಲ್ಲಿ ಪೂರ್ತಿಯಾಗಿ ಹಾಕಿ, ಬ್ಯಾನರ್‌ಗೆ ಬೇರೆಯದನ್ನು ಹುಡುಕಿ.